ಬಡ ದೇಶಗಳು ಶ್ರೀಮಂತ ದೇಶಗಳನ್ನು ಯಾಕೆ ಸರಿಗಟ್ಟಲಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಬಡ ದೇಶಗಳೇ ಜಾಸ್ತಿ ವೇಗದಲ್ಲಿ ಬೆಳೆಯಬೇಕು ಅಂತ ಹೇಳಿದವರು ಯಾರು? ಯಾವ ಆಧಾರದ ಮೇಲೆ?

1956ರಲ್ಲಿ ಅಮೆರಿಕದ ರಾಬರ್ಟ್ ಸೋಲೋ ಮತ್ತು ಆಸ್ಟ್ರೇಲಿಯಾದ ಟ್ರೆವರ್ ಸ್ವಾನ್ ಬೇರೆ ಬೇರೆಯಾಗಿಯೇ ಒಂದು ಮಾದರಿ ಕಟ್ಟಿದರು. ಎರಡರ ತಿರುಳೂ ಒಂದೇ. ಹತ್ತು ಜನ ಬರಿಗೈಯಲ್ಲಿ ದುಡಿಯುವ ಕಡೆ ಮೊದಲ ಯಂತ್ರ ಬಂದರೆ ಉತ್ಪಾದನೆ ಒಮ್ಮೆಲೇ ಏರುತ್ತದೆ. ಐದನೇ ಯಂತ್ರದಿಂದಲೂ ಲಾಭವಿದೆ, ಆದರೆ ಅಷ್ಟಿಲ್ಲ. ಇಪ್ಪತ್ತನೇ ಯಂತ್ರ ಬಂದಾಗ ಅದನ್ನು ನಡೆಸಲು ಜನವೇ ಇರುವುದಿಲ್ಲ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಇಳಿಮುಖ ಪ್ರತಿಫಲ ಅನ್ನುತ್ತಾರೆ.

ಇದರಿಂದ ಮುಂದಿನ ಮಾತು ತಾನಾಗಿಯೇ ಬರುತ್ತದೆ. ಬಡ ದೇಶದಲ್ಲಿ ಯಂತ್ರ, ಕಟ್ಟಡ, ರಸ್ತೆ ಎಲ್ಲವೂ ಕಡಿಮೆ. ಹಾಗಾಗಿ ಅಲ್ಲಿ ಹೂಡಿದ ಪ್ರತಿ ಕಾಸಿಗೂ ಶ್ರೀಮಂತ ದೇಶಕ್ಕಿಂತ ಜಾಸ್ತಿ ಪ್ರತಿಫಲ ಸಿಗಬೇಕು. ಹೂಡಿಕೆಯೂ ಆ ಕಡೆಗೇ ಹರಿಯಬೇಕು. ಬಡ ದೇಶ ಓಡುತ್ತದೆ, ಶ್ರೀಮಂತ ದೇಶ ನಡೆಯುತ್ತದೆ, ಒಂದಲ್ಲ ಒಂದು ದಿನ ಇಬ್ಬರೂ ಜೊತೆಯಾಗುತ್ತಾರೆ. ಇದನ್ನೇ ಕನ್ವರ್ಜೆನ್ಸ್ ಅನ್ನುವುದು.

ಹಾಗಾದರೆ ಎಲ್ಲ ದೇಶಗಳೂ ಸಮ ಆಗುತ್ತವೆ ಅಂತ ಸೋಲೋ ಮಾತು ಕೊಟ್ಟಿದ್ದರಾ?

ಇಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ಮಾದರಿ ಹೇಳುವ ಪ್ರಕಾರ ಪ್ರತಿ ದೇಶಕ್ಕೂ ತನ್ನದೇ ಒಂದು ಮಟ್ಟ ಇರುತ್ತದೆ. ಎಷ್ಟು ಉಳಿತಾಯ ಮಾಡುತ್ತದೆ, ಜನಸಂಖ್ಯೆ ಎಷ್ಟು ವೇಗವಾಗಿ ಏರುತ್ತದೆ, ಕೈಯಲ್ಲಿರುವ ತಂತ್ರಜ್ಞಾನ ಎಂಥದ್ದು ಅನ್ನುವುದರ ಮೇಲೆ ಆ ಮಟ್ಟ ನಿಂತಿದೆ. ದೇಶ ಓಡುವುದು ಆ ಮಟ್ಟದ ಕಡೆಗೆ. ಅದರಿಂದ ಎಷ್ಟು ಹಿಂದೆ ಇದೆಯೋ ಓಟ ಅಷ್ಟು ಜೋರು.

ಎರಡು ದೇಶಗಳ ಮಟ್ಟ ಒಂದೇ ಆಗಿದ್ದರೆ ಮಾತ್ರ ಬಡ ದೇಶ ಶ್ರೀಮಂತ ದೇಶವನ್ನು ಹಿಡಿಯುತ್ತದೆ. ಇದು ಷರತ್ತಿನ ಕನ್ವರ್ಜೆನ್ಸ್. ಯಾವ ಷರತ್ತೂ ಇಲ್ಲದೆ ಎಲ್ಲರೂ ಹತ್ತಿರ ಬರುತ್ತಾರೆ ಅನ್ನುವುದು ಬೇಷರತ್ತಿನ ಕನ್ವರ್ಜೆನ್ಸ್. ಜನ ಸಾಮಾನ್ಯವಾಗಿ ನಿರೀಕ್ಷಿಸುವುದು ಎರಡನೆಯದನ್ನು. ಅಂಕಿಅಂಶಗಳಲ್ಲಿ ಹೆಚ್ಚಾಗಿ ಸಿಕ್ಕಿದ್ದು ಮೊದಲನೆಯದು.

ಕನ್ವರ್ಜೆನ್ಸ್ ನಿಜ ಅಂತ ತೋರಿಸುವ ಗ್ರಾಫ್ ನೋಡಿದ್ದೇನೆ. 1870ರಲ್ಲಿ ಹಿಂದಿದ್ದ ದೇಶಗಳೇ ಅದರಲ್ಲಿ ಹೆಚ್ಚು ಬೆಳೆದಿವೆ. ಅದು ತಪ್ಪಾ?

ಗ್ರಾಫ್‌ನಲ್ಲಿರುವ ಅಂಕಿಗಳು ಸರಿಯೇ ಇರಬಹುದು. ಅದರಲ್ಲಿ ಯಾವ ದೇಶಗಳಿವೆ ಅಂತ ನೋಡಿ.

1986ರಲ್ಲಿ ವಿಲಿಯಂ ಬೌಮಲ್ 16 ದೇಶಗಳ 1870ರಿಂದ 1979ರವರೆಗಿನ ಅಂಕಿಗಳನ್ನು ತೆಗೆದುಕೊಂಡರು. ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ, ಜರ್ಮನಿ, ಸ್ವೀಡನ್, ಜಪಾನ್ ಹೀಗೆ. ಸಾಲು ಎಷ್ಟು ಅಚ್ಚುಕಟ್ಟಾಗಿ ಬಂತು ಅಂದರೆ, 1870ರಲ್ಲಿ ಯಾರು ಎಷ್ಟು ಹಿಂದಿದ್ದರೋ ಅಷ್ಟು ಜಾಸ್ತಿ ಬೆಳೆದಿದ್ದರು. ಎಲ್ಲರಿಗಿಂತ ಕೆಳಗಿದ್ದ ಜಪಾನ್ ಎಲ್ಲರಿಗಿಂತ ವೇಗವಾಗಿ ಓಡಿತ್ತು.

ಎರಡು ವರ್ಷದ ನಂತರ, 1988ರಲ್ಲಿ, ಬ್ರಾಡ್‌ಫರ್ಡ್ ಡಿಲಾಂಗ್ ಒಂದು ಸರಳ ಪ್ರಶ್ನೆ ಎತ್ತಿದರು: ಈ 16 ಪಟ್ಟಿಗೆ ಬಂದಿದ್ದು ಹೇಗೆ? ಅಷ್ಟು ಹಿಂದಿನ ಕಾಲದ ಅಂಕಿಗಳನ್ನು ಜೋಪಾನವಾಗಿ ಕೂಡಿಸಿಟ್ಟಿದ್ದು ಹೆಚ್ಚಾಗಿ ಇವತ್ತು ಶ್ರೀಮಂತವಾಗಿರುವ ದೇಶಗಳಿಗೆ. ಅಂದರೆ ಪಟ್ಟಿ ಮಾಡುವ ಮೊದಲೇ, ಓಟ ಮುಗಿಸಿದವರನ್ನಷ್ಟೇ ಒಳಗೆ ಬಿಟ್ಟಂತಾಯಿತು. ಹಿಂದಿದ್ದು ಹಿಂದೆಯೇ ಉಳಿದವರು ಆ ಪಟ್ಟಿಯಲ್ಲಿ ಇರಲು ಸಾಧ್ಯವೇ ಇಲ್ಲ. ಎಲ್ಲರೂ ಈಗ ಒಂದೇ ಕಡೆ ಇದ್ದಾರೆ ಅಂದಮೇಲೆ ಹಿಂದಿನಿಂದ ಹೊರಟವರು ಜಾಸ್ತಿ ದೂರ ಓಡಿರಲೇಬೇಕು ಅಲ್ವಾ?

ಡಿಲಾಂಗ್ ಪಟ್ಟಿಯನ್ನು ತಿರುಗಿಸಿ ಮಾಡಿದರು. 1870ರಲ್ಲಿ ನಿಂತು ನೋಡಿದ್ದರೆ ಮುಂದೆ ಬರಬಹುದು ಅನ್ನಿಸುತ್ತಿದ್ದ ದೇಶಗಳು ಯಾವುವು? ಆಗ ಅರ್ಜೆಂಟೀನಾ, ಚಿಲಿ, ಪೋರ್ಚುಗಲ್, ಸ್ಪೇನ್, ಐರ್ಲೆಂಡ್‌ಗಳೂ ಒಳಗೆ ಬಂದವು, ಜಪಾನ್ ಹೊರಗೆ ಹೋಯಿತು. ಆ ಅಚ್ಚುಕಟ್ಟಾದ ಸಾಲು ಹೆಚ್ಚುಕಡಿಮೆ ಮಾಯವಾಯಿತು. ಅವರು ಇನ್ನೊಂದು ಮಾತನ್ನೂ ಹೇಳಿದರು. 1870ರ ಅಂಕಿಗಳು ಅಂದಾಜಿನವು. ಯಾವುದಾದರೂ ದೇಶದ ಆಗಿನ ಆದಾಯವನ್ನು ತಪ್ಪಿ ಕಡಿಮೆ ಹಿಡಿದಿದ್ದರೆ, ಅದೇ ತಪ್ಪಿನಿಂದ ಆ ದೇಶದ ನಂತರದ ಬೆಳವಣಿಗೆ ಜಾಸ್ತಿ ಕಾಣುತ್ತದೆ. ಆಗಲೂ ಕನ್ವರ್ಜೆನ್ಸ್ ಇದ್ದಂತೆಯೇ ತೋರುತ್ತದೆ.

ನ್ಯಾಯವಾಗಿ ಹೇಳಬೇಕು ಅಂದರೆ, ಬಡ ದೇಶಗಳ ಗುಂಪಿನಲ್ಲಿ ಈ ಸಾಲು ಕಾಣುವುದಿಲ್ಲ ಅನ್ನುವುದನ್ನು ಬೌಮಲ್ ತಮ್ಮ ಲೇಖನದಲ್ಲೇ ಗಮನಿಸಿದ್ದರು. ಅವರ ಗ್ರಾಫ್ ಮಾತ್ರ ಆ ಎಚ್ಚರಿಕೆಯನ್ನು ಬಿಟ್ಟು ಊರೆಲ್ಲ ಸುತ್ತಿತು.

ಇಡೀ ಜಗತ್ತನ್ನು ತೆಗೆದುಕೊಂಡರೆ ಅಂತರ ಕಡಿಮೆಯಾಗಿದೆಯಾ, ಜಾಸ್ತಿಯಾಗಿದೆಯಾ?

1870ರಿಂದ 1990ರವರೆಗೆ ಬಹಳವೇ ಜಾಸ್ತಿಯಾಯಿತು. ಲ್ಯಾಂಟ್ ಪ್ರಿಚೆಟ್ 1997ರಲ್ಲಿ ಹಾಕಿದ ಲೆಕ್ಕದಲ್ಲಿ, ಅತಿ ಶ್ರೀಮಂತ ಮತ್ತು ಅತಿ ಬಡ ದೇಶಗಳ ತಲಾ ಆದಾಯದ ಅಂತರ 1870ರಲ್ಲಿ ಸುಮಾರು 9 ಪಟ್ಟು ಇದ್ದದ್ದು 1990ಕ್ಕೆ 45 ಪಟ್ಟು ಆಯಿತು.

1870ರಲ್ಲಿ ಬಡ ದೇಶಗಳ ಅಂಕಿಗಳೇ ಇರಲಿಲ್ಲ, ಮತ್ತೆ ಇದು ಹೇಗೆ ಗೊತ್ತಾಯಿತು ಅಂತ ಕೇಳಬಹುದು. ಅವರ ತರ್ಕ ನನಗೆ ತುಂಬ ಇಷ್ಟ. ಮನುಷ್ಯರು ಬದುಕಿ, ಮಕ್ಕಳನ್ನು ಹೆತ್ತು, ಜನಸಂಖ್ಯೆ ಉಳಿಸಿಕೊಳ್ಳಬೇಕಾದರೆ ಆದಾಯ ಒಂದು ಮಟ್ಟಕ್ಕಿಂತ ಕೆಳಗೆ ಹೋಗಲಾರದು. 1990ರ ಅತಿ ಬಡ ದೇಶಗಳು ಆ ತಳಮಟ್ಟದಿಂದ ಹೆಚ್ಚು ಮೇಲಿರಲಿಲ್ಲ. ಅವು ಅಮೆರಿಕದ ವೇಗದಲ್ಲೇ ಬೆಳೆದು ಅಲ್ಲಿಗೆ ಬಂದಿದ್ದವು ಅಂದುಕೊಂಡು ಹಿಂದಕ್ಕೆ ಲೆಕ್ಕ ಹಾಕಿದರೆ, 1870ರಲ್ಲಿ ಅವರ ಆದಾಯ ಯಾರೂ ಬದುಕಲಾರದಷ್ಟು ಕಡಿಮೆ ಬರುತ್ತದೆ. ಆದರೆ ಜನ ಬದುಕಿದ್ದರು. ಹಾಗಾಗಿ ಆ ದೇಶಗಳು ಅಮೆರಿಕಕ್ಕಿಂತ ನಿಧಾನವಾಗಿ ಬೆಳೆದಿರಲೇಬೇಕು.

ಬಂಡವಾಳ ಕಡಿಮೆ ಇರುವುದೇ ಬಡತನಕ್ಕೆ ಕಾರಣ ಅಲ್ವಾ? ಹೂಡಿಕೆ ತಂದರೆ ಮುಗಿಯಿತಲ್ಲ?

ಇದಕ್ಕೆ ಒಂದು ಪ್ರಸಿದ್ಧ ಲೆಕ್ಕ ಇದೆ. ಸ್ವಲ್ಪ ತಾಳ್ಮೆಯಿಂದ ನೋಡೋಣ.

1990ರಲ್ಲಿ ರಾಬರ್ಟ್ ಲ್ಯೂಕಸ್ ಅಮೆರಿಕ ಮತ್ತು ಭಾರತವನ್ನು ಹೋಲಿಸಿದರು. ಆಗ ಅಮೆರಿಕದಲ್ಲಿ ಒಬ್ಬರ ಉತ್ಪಾದನೆ ಭಾರತದಲ್ಲಿ ಒಬ್ಬರದಕ್ಕಿಂತ ಸುಮಾರು 15 ಪಟ್ಟು ಇತ್ತು. ಎರಡೂ ದೇಶಗಳ ತಂತ್ರಜ್ಞಾನ ಒಂದೇ, ದುಡಿಯುವವರೂ ಒಂದೇ, ವ್ಯತ್ಯಾಸ ಇರುವುದು ಯಂತ್ರ, ಕಟ್ಟಡಗಳ ಪ್ರಮಾಣದಲ್ಲಿ ಮಾತ್ರ ಅಂತ ಇಟ್ಟುಕೊಳ್ಳಿ. ಒಬ್ಬರ ಉತ್ಪಾದನೆ y, ಒಬ್ಬರ ಬಳಿ ಇರುವ ಬಂಡವಾಳ k, ಎರಡೂ ಕಡೆ ಒಂದೇ ಅಂದುಕೊಂಡ ತಂತ್ರಜ್ಞಾನ A, ಉತ್ಪಾದನೆಯಲ್ಲಿ ಬಂಡವಾಳದ ಪಾಲು 0.4 ಅಂದರೆ:

```
y = A × k^0.4
```

ಉತ್ಪಾದನೆ 15 ಪಟ್ಟು ಇರಬೇಕಾದರೆ ಬಂಡವಾಳ 15^2.5 ಪಟ್ಟು ಇರಬೇಕು. ಅದು ಸುಮಾರು 870. ಅಮೆರಿಕದ ಒಬ್ಬ ಕೆಲಸಗಾರನ ಕೈಯಲ್ಲಿ ಭಾರತದ ಕೆಲಸಗಾರನಿಗಿಂತ 870 ಪಟ್ಟು ಯಂತ್ರ ಇತ್ತು ಅಂದ ಹಾಗೆ! ಅಂಥ ವ್ಯತ್ಯಾಸ ಎಲ್ಲೂ ಇರಲಿಲ್ಲ.

ಈಗ ಪ್ರತಿಫಲದ ಕಡೆ ನೋಡಿ. ಇದೇ ಸೂತ್ರದ ಪ್ರಕಾರ ಹೊಸದಾಗಿ ಹೂಡಿದ ಹಣದ ಪ್ರತಿಫಲ ಭಾರತದಲ್ಲಿ ಅಮೆರಿಕದ 15^1.5 ಪಟ್ಟು, ಅಂದರೆ ಸುಮಾರು 58 ಪಟ್ಟು ಇರಬೇಕಿತ್ತು. ಅಮೆರಿಕದಲ್ಲಿ ವರ್ಷಕ್ಕೆ ನೂರಕ್ಕೆ 5 ಸಿಗುತ್ತಿದ್ದರೆ ಭಾರತದಲ್ಲಿ ನೂರಕ್ಕೆ 290. ಅಷ್ಟು ಲಾಭ ಇದ್ದಿದ್ದರೆ ಅಮೆರಿಕದಲ್ಲಿ ಒಂದು ಕಾಸೂ ಹೂಡಿಕೆ ನಿಲ್ಲುತ್ತಿರಲಿಲ್ಲ. ಬಂಡವಾಳವೆಲ್ಲ ಪ್ರವಾಹದ ಹಾಗೆ ಭಾರತಕ್ಕೆ ನುಗ್ಗಬೇಕಿತ್ತು. ಹಾಗೆ ಆಗಲಿಲ್ಲ.

ಈ ಲೆಕ್ಕ ಭಾರತದ ನಿಜವಾದ ಪ್ರತಿಫಲ ಎಷ್ಟು ಅಂತ ಹೇಳಲು ಹೊರಟಿದ್ದಲ್ಲ. ಎಲ್ಲದಕ್ಕೂ ಬಂಡವಾಳದ ಕೊರತೆಯೇ ಕಾರಣ ಅಂದುಕೊಂಡರೆ ಎಂಥ ಅಸಂಬದ್ಧಕ್ಕೆ ಬಂದು ನಿಲ್ಲುತ್ತೇವೆ ಅಂತ ತೋರಿಸುವುದು ಅದರ ಕೆಲಸ. ಬಡ ದೇಶದಲ್ಲಿ ಯಂತ್ರ ಕಡಿಮೆ ಇದೆ, ನಿಜ. ಆದರೆ ಇನ್ನೊಂದು ಯಂತ್ರ ತಂದಿಟ್ಟರೆ ಅದರಿಂದ ಸಿಗುವ ಲಾಭವೂ ಅಷ್ಟೇನೂ ಜಾಸ್ತಿ ಇಲ್ಲ. ಕನ್ವರ್ಜೆನ್ಸ್ ಕೈಕೊಡುವುದು ಇಲ್ಲಿಯೇ.

ಒಂದೇ ಯಂತ್ರ ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ಫಲ ಕೊಡುವುದು ಹೇಗೆ?

ಹತ್ತಿ ಗಿರಣಿಗಳ ಚರಿತ್ರೆಯಲ್ಲಿ ಇದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. 1910ರ ಹೊತ್ತಿಗೆ ಜಗತ್ತಿನ ಬಹಳಷ್ಟು ಕಡೆ ನೂಲುವ, ನೇಯುವ ಯಂತ್ರಗಳು ಇಂಗ್ಲೆಂಡಿನ ಲ್ಯಾಂಕಾಶೈರ್‌ನಿಂದಲೇ ಬರುತ್ತಿದ್ದವು. ಮುಂಬೈ ಗಿರಣಿಯವರೂ ಅಲ್ಲಿಂದಲೇ ತರಿಸುತ್ತಿದ್ದರು. ಯಂತ್ರ ಜೋಡಿಸುವವರು, ಮೇಲ್ವಿಚಾರಕರು ಎಷ್ಟೋ ಸಲ ಇಂಗ್ಲೆಂಡಿನವರೇ. ತಂತ್ರಜ್ಞಾನ ಗುಟ್ಟಾಗಿರಲಿಲ್ಲ, ಯಾರು ಬೇಕಾದರೂ ಕೊಳ್ಳಬಹುದಿತ್ತು. ಕೂಲಿ ಮಾತ್ರ ಭಾರತದಲ್ಲಿ ಬ್ರಿಟನ್ನಿಗಿಂತ ಎಷ್ಟೋ ಪಾಲು ಕಡಿಮೆ. ಹಾಗಾದರೆ ಮುಂಬೈ ಲ್ಯಾಂಕಾಶೈರ್ ಅನ್ನು ಬೇಗನೆ ಮೂಲೆಗೆ ತಳ್ಳಬೇಕಿತ್ತು ಅಲ್ವಾ?

ಆರ್ಥಿಕ ಇತಿಹಾಸಕಾರ ಗ್ರೆಗರಿ ಕ್ಲಾರ್ಕ್ 1987ರಲ್ಲಿ ಈ ಗಿರಣಿಗಳ ದಾಖಲೆಗಳನ್ನು ಹೋಲಿಸಿದರು. ಅಮೆರಿಕದ ನ್ಯೂ ಇಂಗ್ಲೆಂಡ್‌ನ ಒಬ್ಬ ಗಿರಣಿ ಕೆಲಸಗಾರ ಮಾಡುವಷ್ಟು ಕೆಲಸಕ್ಕೆ ಬ್ರಿಟನ್ನಿನಲ್ಲಿ ಒಂದೂವರೆ ಜನ ಬೇಕಿತ್ತು. ಭಾರತ, ಚೀನಾ, ಜಪಾನ್, ಗ್ರೀಸ್‌ಗಳಲ್ಲಿ ಹತ್ತಿರ ಹತ್ತಿರ ಆರು ಜನ. ಯಂತ್ರ ಅದೇ. ಅದನ್ನು ನೋಡಿಕೊಳ್ಳಲು ನಿಂತ ಕೈಗಳು ಜಾಸ್ತಿ. ಲ್ಯಾಂಕಾಶೈರ್‌ನ ನೇಕಾರ ಸಾಮಾನ್ಯವಾಗಿ ನಾಲ್ಕು ಮಗ್ಗ ನೋಡಿಕೊಂಡರೆ, ಮುಂಬೈಯಲ್ಲಿ ಎರಡು.

ಇದರ ಪರಿಣಾಮ ಏನು? ಕೂಲಿ ಅಗ್ಗ ಅನ್ನುವ ಲಾಭದ ದೊಡ್ಡ ಪಾಲು ಜಾಸ್ತಿ ಜನರನ್ನು ಇಟ್ಟುಕೊಳ್ಳುವುದರಲ್ಲೇ ಕರಗಿಹೋಯಿತು. ಒಂದು ಗಜ ಬಟ್ಟೆಗೆ ಬೀಳುವ ಕೂಲಿ ಖರ್ಚು ನಾವು ಎಣಿಸಿದಷ್ಟು ಕಡಿಮೆ ಆಗಲೇ ಇಲ್ಲ. ಯಂತ್ರಕ್ಕೆ ಹಾಕಿದ ಹಣಕ್ಕೆ ಮುಂಬೈಯಲ್ಲಿ 58 ಪಟ್ಟು ಪ್ರತಿಫಲ ಯಾಕೆ ಬರಲಿಲ್ಲ ಅನ್ನುವುದಕ್ಕೆ ಉತ್ತರದ ಒಂದು ತುಂಡು ಆ ಎರಡು ಮಗ್ಗಗಳ ನಡುವೆ ನಿಂತಿದೆ.

ಅಂದರೆ ಅಲ್ಲಿನ ಕೆಲಸಗಾರರು ಸೋಮಾರಿಗಳು ಅಂತಲಾ?

ದಯವಿಟ್ಟು ಹಾಗೆ ಓದಬೇಡಿ. ಕಾರಣದ ಬಗ್ಗೆ ಇತಿಹಾಸಕಾರರಲ್ಲಿ ಜಗಳ ಇನ್ನೂ ನಿಂತಿಲ್ಲ. ಕ್ಲಾರ್ಕ್ ಆಯಾ ಊರಿನ ಕೆಲಸದ ರೂಢಿಯ ಕಡೆ ಬೆರಳು ತೋರಿಸಿದರು. ಬೇರೆಯವರು ಎಳೆ ಚಿಕ್ಕದಾದ ಹತ್ತಿಯಿಂದ ನೂಲು ಪದೇ ಪದೇ ಹರಿಯುತ್ತಿತ್ತು, ಅದನ್ನು ಕಟ್ಟಲು ಜನ ಬೇಕಿತ್ತು ಅಂದರು. ಕೂಲಿ ಇಷ್ಟು ಅಗ್ಗ ಇರುವಾಗ ಮಾಲೀಕರು ಜನ ಕಡಿಮೆ ಮಾಡುವ ಉಸಾಬರಿಗೆ ಯಾಕೆ ಹೋಗುತ್ತಾರೆ ಅಂದವರೂ ಇದ್ದಾರೆ.

ನನ್ನ ಮಟ್ಟಿಗೆ, 1928ರ ಮುಂಬೈ ಮುಷ್ಕರವನ್ನು ನೋಡದೆ ಈ ಪ್ರಶ್ನೆಗೆ ಉತ್ತರ ಕೊಡಬಾರದು. ಗಿರಣಿ ಮಾಲೀಕರು ಒಬ್ಬ ನೇಕಾರನಿಗೆ ಎರಡರ ಬದಲು ಮೂರು ಮಗ್ಗ ಕೊಡಲು ಹೊರಟರು. ಮೂರು ಮಗ್ಗ ಅಂದರೆ ಮೂವರಲ್ಲಿ ಒಬ್ಬನಿಗೆ ಕೆಲಸ ಇಲ್ಲ. ಕೆಲಸ ಹೋದವನಿಗೆ ಬೇರೆ ಕೆಲಸವೂ ಇಲ್ಲ, ಯಾವ ಭತ್ಯೆಯೂ ಇಲ್ಲ. ಉಳಿದವರಿಗೆ ಕೆಲಸ ಹೆಚ್ಚಾದಷ್ಟೇ ಕೂಲಿ ಹೆಚ್ಚುತ್ತದೆ ಅನ್ನುವ ನಂಬಿಕೆಯೂ ಇರಲಿಲ್ಲ. ಲಕ್ಷಕ್ಕೂ ಹೆಚ್ಚು ಜನ ಸುಮಾರು ಆರು ತಿಂಗಳು ಕೆಲಸ ನಿಲ್ಲಿಸಿದರು. ಆ ನೇಕಾರನ ಜಾಗದಲ್ಲಿ ನಿಂತು ನೋಡಿದರೆ ಎರಡೇ ಮಗ್ಗಕ್ಕೆ ಪಟ್ಟು ಹಿಡಿಯುವುದು ಪೂರ್ತಿ ವಿವೇಕದ ನಿರ್ಧಾರ.

1910ರಲ್ಲಿ ಭಾರತದ ಜೊತೆಗೇ ಇದ್ದ ಜಪಾನ್ ಮುಂದಿನ ದಶಕಗಳಲ್ಲಿ ಒಬ್ಬ ಕೆಲಸಗಾರ ನೋಡಿಕೊಳ್ಳುವ ಯಂತ್ರಗಳ ಸಂಖ್ಯೆಯನ್ನು ಏರಿಸುತ್ತಲೇ ಹೋಯಿತು. ಭಾರತದಲ್ಲಿ ಅದು ಹೆಚ್ಚೇನೂ ಕದಲಲಿಲ್ಲ. ಯಂತ್ರ ಹಡಗಿನಲ್ಲಿ ಬರುತ್ತದೆ. ಕೆಲಸ ಹಂಚುವ ರೀತಿ, ಮಾಲೀಕರ ಮತ್ತು ಕೆಲಸಗಾರರ ನಡುವಿನ ಒಪ್ಪಂದ, ಕೆಲಸ ಹೋದರೆ ಇನ್ನೊಂದು ಸಿಗುತ್ತದೆ ಅನ್ನುವ ಧೈರ್ಯ, ಇವು ಯಾವುವೂ ಹಡಗಿನಲ್ಲಿ ಬರುವುದಿಲ್ಲ. ಅರ್ಥಶಾಸ್ತ್ರಜ್ಞರು ಇದೆಲ್ಲವನ್ನೂ ಮೇಲಿನ ಸೂತ್ರದ A ಅನ್ನುವ ಒಂದೇ ಅಕ್ಷರದಲ್ಲಿ ತುಂಬಿಬಿಡುತ್ತಾರೆ.

ಜನರನ್ನು ಓದಿಸಿದರೆ ಸಾಲದೇ?

ಓದು ಲೆಕ್ಕವನ್ನು ಬಹಳ ಬದಲಿಸುತ್ತದೆ. ಲ್ಯೂಕಸ್ ಅವರೇ ಓದು, ಕೌಶಲದ ವ್ಯತ್ಯಾಸವನ್ನು ಸೇರಿಸಿ ನೋಡಿದಾಗ ಆ 58 ಪಟ್ಟು ಸುಮಾರು 5ಕ್ಕೆ ಇಳಿಯಿತು. 5 ಕೂಡ ಸಣ್ಣದಲ್ಲ, ಅದಕ್ಕೂ ವಿವರಣೆ ಬೇಕು. ಇನ್ನೊಂದು ಕಡೆ, 1960ರ ನಂತರ ಬಡ ದೇಶಗಳಲ್ಲಿ ಶಾಲೆಗೆ ಹೋದ ವರ್ಷಗಳು ಚೆನ್ನಾಗಿಯೇ ಏರಿದವು. ಆದಾಯ ಅದಕ್ಕೆ ತಕ್ಕಂತೆ ಏರಲಿಲ್ಲ. ಶಾಲೆಯಲ್ಲಿ ಕಲಿತದ್ದು ಎಷ್ಟು, ಕಲಿತವನಿಗೆ ಅದನ್ನು ಬಳಸುವ ಕೆಲಸ ಸಿಕ್ಕಿತಾ ಅನ್ನುವ ಎರಡು ಪ್ರಶ್ನೆ ಹಾಗೇ ಉಳಿಯುತ್ತವೆ.

ನಮಗಿಂತ ನಿಧಾನ ಬೆಳೆಯುವ ಶ್ರೀಮಂತ ದೇಶ ಇನ್ನೂ ದೂರ ಹೋಗುತ್ತಿದೆ ಅನ್ನಿಸುತ್ತದಲ್ಲ?

ನಿಜವಾಗಿಯೂ ಹೋಗುತ್ತದೆ. ಒಂದು ದೇಶದ ತಲಾ ಆದಾಯ 1,000, ಇನ್ನೊಂದರದ್ದು 15,000 ಅಂತ ಇಟ್ಟುಕೊಳ್ಳಿ. ಬಡ ದೇಶ ವರ್ಷಕ್ಕೆ ಶೇ 4ರಂತೆ ಬೆಳೆದರೆ 40 ಸೇರುತ್ತದೆ. ಶ್ರೀಮಂತ ದೇಶ ಶೇ 2ರಂತೆ ಬೆಳೆದರೂ 300 ಸೇರುತ್ತದೆ. ವೇಗ ಎರಡರಷ್ಟಿದ್ದರೂ ನಡುವಿನ ಅಂತರ 260 ಬೆಳೆಯಿತು. ಇದೇ ವೇಗ ಒಂದು ವರ್ಷವೂ ತಪ್ಪದೆ ಮುಂದುವರಿದರೆ ಸರಿಗಟ್ಟಲು ಸುಮಾರು 140 ವರ್ಷ ಬೇಕು. ಬಡ ದೇಶದ್ದು ಶೇ 7 ಆದರೆ ಸುಮಾರು 57 ವರ್ಷ.

ಕಷ್ಟ ಇರುವುದು "ತಪ್ಪದೆ" ಅನ್ನುವ ಮಾತಿನಲ್ಲಿ. ಬಡ ದೇಶಗಳೂ ಆಗಾಗ ಜೋರಾಗಿ ಬೆಳೆಯುತ್ತವೆ. ಆಮೇಲೆ ಕುಸಿಯುತ್ತವೆ. ಜಾಂಬಿಯಾ ತಾಮ್ರ ಮಾರಿ ಬದುಕುತ್ತಿದ್ದ ದೇಶ. 1970ರ ದಶಕದ ನಡುವೆ ತಾಮ್ರದ ಬೆಲೆ ಬಿತ್ತು. ತಲಾ ಆದಾಯ ಎರಡು ದಶಕ ಇಳಿಯುತ್ತಲೇ ಹೋಯಿತು. ಶ್ರೀಮಂತ ದೇಶಗಳ ವಿಶೇಷ ಅವುಗಳ ವೇಗದಲ್ಲಿಲ್ಲ. ಅವು ಹಿಂದಕ್ಕೆ ಜಾರುವುದು ಅಪರೂಪ, ಜಾರಿದರೂ ಬೇಗ ಎದ್ದು ನಿಲ್ಲುತ್ತವೆ.

ಕನ್ವರ್ಜೆನ್ಸ್ ಎಲ್ಲೂ ನಿಜವಾಗಿಲ್ಲವಾ?

ಆಗಿದೆ. ಅಮೆರಿಕದ ರಾಜ್ಯಗಳನ್ನೇ ನೋಡಿ. 1880ರಿಂದ ಈಚೆಗೆ ಬಡ ರಾಜ್ಯಗಳು ಶ್ರೀಮಂತ ರಾಜ್ಯಗಳ ಹತ್ತಿರ ಬರುತ್ತಾ ಹೋದವು. ರಾಬರ್ಟ್ ಬ್ಯಾರೋ ಮತ್ತು ಹವಿಯೆರ್ ಸಾಲಾ-ಇ-ಮಾರ್ಟಿನ್ ಇದನ್ನು ಅಳೆದರು. ಅಂತರದಲ್ಲಿ ವರ್ಷಕ್ಕೆ ಸುಮಾರು ಶೇ 2ರಷ್ಟು ಮುಚ್ಚಿಕೊಳ್ಳುತ್ತಿತ್ತು. ಒಂದೇ ಕಾನೂನು, ಒಂದೇ ಹಣ, ಜನರಿಗೆ ಬೇಕಾದ ಕಡೆ ಹೋಗುವ ಸ್ವಾತಂತ್ರ್ಯ, ಎಲ್ಲವೂ ಇದ್ದೂ ಅರ್ಧ ಅಂತರ ಮುಚ್ಚಲು 35 ವರ್ಷ ಬೇಕು ಅನ್ನುವುದನ್ನು ಮರೆಯಬೇಡಿ.

ಇನ್ನೊಂದು ಇದಕ್ಕಿಂತ ಸ್ವಾರಸ್ಯದ್ದು. ಡ್ಯಾನಿ ರಾಡ್ರಿಕ್ 2013ರಲ್ಲಿ ಇಡೀ ದೇಶದ ಬದಲು ಕಾರ್ಖಾನೆ ಉದ್ಯಮಗಳನ್ನಷ್ಟೇ ತೆಗೆದುಕೊಂಡು ನೋಡಿದರು. ಅಲ್ಲಿ ಕೆಲಸಗಾರನ ಉತ್ಪಾದಕತೆ ಯಾವ ಷರತ್ತೂ ಇಲ್ಲದೆ ಹತ್ತಿರ ಬರುತ್ತಿತ್ತು. ಹಿಂದಿದ್ದ ದೇಶದ ಉದ್ಯಮವೇ ಜಾಸ್ತಿ ವೇಗದಲ್ಲಿ ಏರುತ್ತಿತ್ತು. ಹೊರದೇಶದ ಪೈಪೋಟಿ, ಹೊರದೇಶದಿಂದ ಬರುವ ವಿಧಾನ ಎರಡೂ ಕಾರ್ಖಾನೆಯನ್ನು ಮುಟ್ಟುತ್ತವೆ. ಆದರೆ ಬಡ ದೇಶಗಳಲ್ಲಿ ಕಾರ್ಖಾನೆಯಲ್ಲಿ ಇರುವ ಜನ ಕಡಿಮೆ. ಬಹುಪಾಲು ಜನ ಸಣ್ಣ ಹಿಡುವಳಿಯಲ್ಲೋ ಸಣ್ಣಪುಟ್ಟ ವ್ಯಾಪಾರದಲ್ಲೋ ಇರುತ್ತಾರೆ. ಉದ್ಯಮ ಓಡಿದರೂ ದೇಶ ಓಡದೆ ಇರುವುದು ಅದಕ್ಕೇ. ದಕ್ಷಿಣ ಕೊರಿಯಾ, ತೈವಾನ್ ಜನರನ್ನು ಹೊಲದಿಂದ ಕಾರ್ಖಾನೆಗೆ ಬೇಗ ಬೇಗ ಸಾಗಿಸಿದವು. ನನಗೆ ತಿಳಿದಂತೆ ಅವು ಸರಿಗಟ್ಟಿದ್ದರಲ್ಲಿ ಇದರ ಪಾಲು ದೊಡ್ಡದು.

ಚೀನಾ, ಭಾರತ ವೇಗವಾಗಿ ಬೆಳೆದಿವೆ. ಈಗ ಚಿತ್ರ ಬದಲಾಗಿಲ್ಲವೇ?

ದೇಶಗಳನ್ನು ಎಣಿಸುತ್ತೀರಾ, ಜನರನ್ನು ಎಣಿಸುತ್ತೀರಾ ಅನ್ನುವುದರ ಮೇಲೆ ಉತ್ತರ ಇದೆ. ದೇಶಕ್ಕೊಂದು ಚುಕ್ಕೆ ಇಟ್ಟರೆ ಚೀನಾವೂ ಒಂದೇ, ಪುಟ್ಟ ದ್ವೀಪವೂ ಒಂದೇ. ಜನರ ಲೆಕ್ಕ ಹಿಡಿದರೆ ಈ ಎರಡು ದೇಶಗಳ ಓಟದಿಂದಲೇ ಜಗತ್ತಿನ ಬಹುದೊಡ್ಡ ಪಾಲು ಹತ್ತಿರ ಬಂದಿದೆ. ಇದು ದೊಡ್ಡ ಸಂಗತಿ. ಇದನ್ನು ಕಡೆಗಣಿಸುವವರ ಮಾತು ನನಗೆ ಒಪ್ಪಿಗೆಯಿಲ್ಲ.

ದೇಶಗಳ ಲೆಕ್ಕದಲ್ಲೂ 1990ರ ದಶಕದ ನಂತರ ಸ್ವಲ್ಪ ಬದಲಾವಣೆ ಇದೆ. ಬಡ ದೇಶಗಳು ಸರಾಸರಿಯಲ್ಲಿ ಶ್ರೀಮಂತ ದೇಶಗಳಿಗಿಂತ ವೇಗವಾಗಿ ಬೆಳೆದವು ಅಂತ 2021ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಆದರೆ ಆ ವೇಗ ಬಹಳ ಮಂದ. ಅದರಲ್ಲಿ ಒಂದು ಪಾಲು ಶ್ರೀಮಂತ ದೇಶಗಳು ತಾವೇ ನಿಧಾನವಾದದ್ದರಿಂದ ಬಂದಿದ್ದು.

ಯಾರಾದರೂ "ಕನ್ವರ್ಜೆನ್ಸ್ ಆಗುತ್ತಿದೆ" ಅಥವಾ "ಆಗುತ್ತಿಲ್ಲ" ಅಂದರೆ ನಾನು ಏನು ನೋಡಬೇಕು?

ಮೊದಲು ಪಟ್ಟಿ ನೋಡಿ. ದೇಶಗಳನ್ನು ಆರಿಸಿದ್ದು ಶುರುವಿನ ವರ್ಷದ ಸ್ಥಿತಿ ನೋಡಿಯೋ, ಕೊನೆಯ ವರ್ಷದ್ದನ್ನು ನೋಡಿಯೋ? ಕೊನೆಯದಾದರೆ ಬೌಮಲ್ ಗ್ರಾಫ್‌ನ ಕಥೆಯೇ ಮತ್ತೆ. ಆಮೇಲೆ ಶುರುವಿನ ವರ್ಷವನ್ನು ಐದು ವರ್ಷ ಆಚೆಈಚೆ ಸರಿಸಿ ನೋಡಿ. ತಾಮ್ರವೋ ತೈಲವೋ ಮಾರುವ ದೇಶಗಳು ಜಾಸ್ತಿ ಇದ್ದರೆ ಬೆಲೆ ಏರಿದ ವರ್ಷದಿಂದ ಶುರು ಮಾಡುವುದಕ್ಕೂ ಇಳಿದ ವರ್ಷದಿಂದ ಶುರು ಮಾಡುವುದಕ್ಕೂ ಅಜಗಜಾಂತರ ಇರುತ್ತದೆ. ಕೊನೆಗೆ, ಉಳಿತಾಯ, ಓದು, ಆಡಳಿತ ಎಲ್ಲ ಸಮ ಇದ್ದರೆ ಅನ್ನುವ ಷರತ್ತು ಲೆಕ್ಕದೊಳಗೆ ಸೇರಿಕೊಂಡಿದೆಯಾ ಅಂತ ಹುಡುಕಿ. ಸೇರಿದ್ದರೆ ಅದು ಬಡ ದೇಶ ಶ್ರೀಮಂತ ದೇಶವನ್ನು ಹಿಡಿಯುತ್ತಿದೆ ಅಂತ ಹೇಳುತ್ತಿಲ್ಲ. ತನ್ನ ಮಟ್ಟದ ಕಡೆಗೆ ಹೋಗುತ್ತಿದೆ ಅಂತ ಮಾತ್ರ ಹೇಳುತ್ತಿದೆ. ಆ ಮಟ್ಟವೇ ತಗ್ಗಿನಲ್ಲಿ ಇರಬಹುದು.